ಶಿಖರದಿಂದ ತಳದವರೆಗೆ: ಹಿಂದಿನ ಕುಸಿತಗಳಲ್ಲಿ ಹೂಡಿಕೆ ಎಷ್ಟು ಕರಗುತ್ತಿತ್ತು?

2020ನೇ ಇಸವಿಯ ಷೇರುಪೇಟೆಯ ವಾರ್ಷಿಕ ಲೆಕ್ಕವನ್ನಷ್ಟೇ ನೋಡಿದವರಿಗೆ ಆ ವರ್ಷ ನೆಮ್ಮದಿಯದಾಗಿತ್ತು ಎಂದೇ ತೋರುತ್ತದೆ. 2019ರ ಡಿಸೆಂಬರ್ 31ರಂದು 41,254 ಅಂಶಗಳಲ್ಲಿದ್ದ ಮುಂಬೈ ಷೇರುಪೇಟೆಯ ಸಂವೇದಿ ಸೂಚ್ಯಂಕ ಸೆನ್ಸೆಕ್ಸ್, 2020ರ ಡಿಸೆಂಬರ್ 31ರಂದು 47,751ಕ್ಕೆ ಮುಕ್ತಾಯಗೊಂಡಿತು. ವರ್ಷದ ಗಳಿಕೆ ಶೇ. 15.7. ಆದರೆ ಅದೇ ವರ್ಷದ ಮಾರ್ಚ್ 23ರಂದು ಸೂಚ್ಯಂಕ ಒಂದೇ ದಿನ ಶೇ. 13ಕ್ಕೂ ಹೆಚ್ಚು ಕುಸಿದು 25,981ಕ್ಕೆ ಇಳಿದಿತ್ತು. ಜನವರಿ 14ರಂದು 41,953ರಲ್ಲಿದ್ದ ಸೂಚ್ಯಂಕ ಹತ್ತು ವಾರಗಳೊಳಗೆ ಶೇ. 38ರಷ್ಟು ಮೌಲ್ಯ ಕಳೆದುಕೊಂಡಿತ್ತು. ಆ ದಿನ ಮಗಳ ಮದುವೆಗೋ, ಆಸ್ಪತ್ರೆಯ ಖರ್ಚಿಗೋ ಹಣ ಬೇಕಾಗಿ ಷೇರು ಮಾರಿದವರ ಪಾಲಿಗೆ ವರ್ಷಾಂತ್ಯದ ಶೇ. 15.7ರ ಗಳಿಕೆಗೆ ಅರ್ಥವೇ ಇರಲಿಲ್ಲ.

ವಾರ್ಷಿಕ ಲೆಕ್ಕ ಮರೆಮಾಚುವ ಈ ಆಳವನ್ನು ಅಳೆಯುವ ಮಾನದಂಡವೇ ಮ್ಯಾಕ್ಸಿಮಮ್ ಡ್ರಾಡೌನ್. ಕನ್ನಡದಲ್ಲಿ ಇದನ್ನು ಗರಿಷ್ಠ ಕುಸಿತ ಎನ್ನಬಹುದು. ಹೂಡಿಕೆಯ ಮೌಲ್ಯ ಅದುವರೆಗೆ ತಲುಪಿದ ಅತ್ಯುನ್ನತ ಮಟ್ಟದಿಂದ ಆನಂತರದ ಅತ್ಯಂತ ಕೆಳಗಿನ ಮಟ್ಟಕ್ಕೆ ಶೇಕಡಾ ಎಷ್ಟು ಇಳಿಯಿತು ಎಂಬುದೇ ಇದರ ಸಾರ. ಇಂದು ಕೈಯಲ್ಲಿರುವ ಹೂಡಿಕೆಯೇ 2008ರಲ್ಲೋ 2020ರಲ್ಲೋ ಇದ್ದಿದ್ದರೆ ಎಷ್ಟು ನಷ್ಟವಾಗುತ್ತಿತ್ತು ಎಂಬ ಪ್ರಶ್ನೆಗೆ ಇದರಿಂದ ಉತ್ತರ ದೊರೆಯುತ್ತದೆ. ಲೆಕ್ಕ ಸರಳವಾದದ್ದೇ. ಆದರೆ ಅದನ್ನು ತಪ್ಪಾಗಿ ಮಾಡುವ ದಾರಿಗಳು ಹಲವು, ಮತ್ತು ಅವುಗಳಲ್ಲಿ ಹೆಚ್ಚಿನವು ನಷ್ಟವನ್ನು ಇರುವುದಕ್ಕಿಂತ ಚಿಕ್ಕದಾಗಿಯೇ ತೋರಿಸುತ್ತವೆ.

ಲೆಕ್ಕ ಹಾಕುವ ಕ್ರಮ

ಮೊದಲು ಬೇಕಾಗುವುದು ಹೂಡಿಕೆಯ ಪ್ರತಿದಿನದ ಮುಕ್ತಾಯ ಮೌಲ್ಯ. ಪ್ರತಿ ದಿನದ ಮುಂದೆಯೂ, ಆ ದಿನದವರೆಗೆ ಕಂಡ ಅತ್ಯಧಿಕ ಮೌಲ್ಯವನ್ನು ಬರೆದುಕೊಳ್ಳಬೇಕು. ಇದನ್ನು ಚಾಲ್ತಿ ಶಿಖರ ಎಂದು ಕರೆಯಬಹುದು. ಹೊಸ ದಾಖಲೆ ಆದಾಗ ಮಾತ್ರ ಚಾಲ್ತಿ ಶಿಖರ ಮೇಲೇರುತ್ತದೆ, ಎಂದೂ ಕೆಳಗಿಳಿಯುವುದಿಲ್ಲ. ಆನಂತರ ಅಂದಿನ ಮೌಲ್ಯ ಚಾಲ್ತಿ ಶಿಖರಕ್ಕಿಂತ ಶೇಕಡಾ ಎಷ್ಟು ಕೆಳಗಿದೆ ಎಂದು ಲೆಕ್ಕ ಹಾಕಬೇಕು. ಅದು ಆ ದಿನದ ಕುಸಿತದ ಆಳ. ಎಲ್ಲ ದಿನಗಳ ಆಳಗಳಲ್ಲಿ ಅತಿ ಹೆಚ್ಚಿನದೇ ಗರಿಷ್ಠ ಕುಸಿತ.

ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ ಇದಕ್ಕೆ ಮೂರೇ ಸೂತ್ರಗಳು ಸಾಕು. ಮೊದಲ ಕಂಬಸಾಲಿನಲ್ಲಿ ದಿನಾಂಕ, ಎರಡನೆಯದರಲ್ಲಿ ಮೌಲ್ಯ ಇದೆ ಮತ್ತು ಅಂಕಿಗಳು ಎರಡನೇ ಸಾಲಿನಿಂದ ಆರಂಭವಾಗಿ ಸಾವಿರದ ಸಾಲಿನವರೆಗೆ ಇವೆ ಎಂದು ಭಾವಿಸಿದರೆ, ಸೂತ್ರಗಳು ಹೀಗಿರುತ್ತವೆ:

```
C2:  =MAX(B$2:B2)
D2:  =B2/C2-1
F2:  =MIN(D2:D1000)
```

ಮೊದಲಿನ ಎರಡನ್ನು ಕೊನೆಯ ಸಾಲಿನವರೆಗೆ ನಕಲು ಮಾಡಬೇಕು. ಮೂರನೆಯದು ಉತ್ತರವನ್ನು ಋಣಾತ್ಮಕ ಸಂಖ್ಯೆಯಾಗಿ ಕೊಡುತ್ತದೆ. ಸೂಚ್ಯಂಕದ ಹಳೆಯ ಅಂಕಿಗಳು ಮುಂಬೈ ಷೇರುಪೇಟೆಯ ಅಂತರಜಾಲ ತಾಣದಲ್ಲಿಯೂ, ಮ್ಯೂಚುವಲ್ ಫಂಡ್‌ಗಳ ನಿವ್ವಳ ಆಸ್ತಿ ಮೌಲ್ಯ ಅಥವಾ ಎನ್‌ಎವಿಯ ಹಳೆಯ ಅಂಕಿಗಳು ಫಂಡ್ ಸಂಸ್ಥೆಗಳ ಒಕ್ಕೂಟವಾದ ಆಂಫಿಯ ತಾಣದಲ್ಲಿಯೂ ಉಚಿತವಾಗಿ ದೊರೆಯುತ್ತವೆ.

2008ರ ಕುಸಿತವನ್ನು ಈ ಕ್ರಮದಲ್ಲಿ ಹೆಜ್ಜೆ ಹೆಜ್ಜೆಯಾಗಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಸೆನ್ಸೆಕ್ಸ್ ಆ ವರ್ಷದ ಜನವರಿ 8ರಂದು 20,873ಕ್ಕೆ ಮುಕ್ತಾಯಗೊಂಡಿತು. ಮುಂದಿನ ಎರಡೂಮುಕ್ಕಾಲು ವರ್ಷಕ್ಕೂ ಹೆಚ್ಚು ಕಾಲ ಚಾಲ್ತಿ ಶಿಖರ ಇದೇ ಆಗಿ ಉಳಿಯಿತು. ಜನವರಿ 21ರಂದು ಸೂಚ್ಯಂಕ 1,408 ಅಂಶ ಕಳೆದುಕೊಂಡು 17,605ಕ್ಕೆ ಬಂದಾಗ ಕುಸಿತದ ಆಳ ಶೇ. 15.7. ಮಾರ್ಚ್ 17ರಂದು 14,809ಕ್ಕೆ ಇಳಿದಾಗ ಅದು ಶೇ. 29.

ಅಲ್ಲಿಂದ ಪೇಟೆ ಚೇತರಿಸಿಕೊಂಡು ಮೇ 2ರಂದು 17,600 ತಲುಪಿತು. ತಳದಿಂದ ಲೆಕ್ಕ ಹಾಕಿದರೆ ಅದು ಶೇ. 18ಕ್ಕೂ ಮೀರಿದ ಏರಿಕೆ. ಕರಡಿಯ ಹಿಡಿತ ಸಡಿಲವಾಯಿತೆಂದು ಹಲವರು ನಂಬಿದ್ದ ದಿನಗಳವು. ಆದರೆ ಹಳೆಯ ಶಿಖರದಿಂದ ಅಳೆದರೆ ಕುಸಿತ ಆಗಲೂ ಶೇ. 15.7ರಷ್ಟಿತ್ತು. ಅಂದರೆ ಹೂಡಿಕೆದಾರ ಜನವರಿ 21ರಂದು ಇದ್ದ ಜಾಗಕ್ಕೇ ಮರಳಿದ್ದ, ಅಷ್ಟೇ. ಜುಲೈ 16ರಂದು 12,576, ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿಯಾದ ಬಳಿಕ ಅಕ್ಟೋಬರ್ 27ರಂದು 8,510, ಅಂತಿಮವಾಗಿ 2009ರ ಮಾರ್ಚ್ 9ರಂದು 8,160. ಅದೇ ತಳ. 20,873ರಿಂದ 8,160ಕ್ಕೆ ಇಳಿದದ್ದು ಶೇ. 60.9ರ ಕುಸಿತ. ಹತ್ತು ಲಕ್ಷ ರೂಪಾಯಿ ಹೆಚ್ಚುಕಡಿಮೆ 3 ಲಕ್ಷ 91 ಸಾವಿರವಾಗಿತ್ತು.

2008ರ ಕ್ಯಾಲೆಂಡರ್ ವರ್ಷದ ನಷ್ಟವೆಂದು ಪತ್ರಿಕೆಗಳಲ್ಲಿ ಪ್ರಕಟವಾಗುವ ಅಂಕಿ ಶೇ. 52.4. ಅದು ತಪ್ಪಲ್ಲ. ಆದರೆ ಶಿಖರ ಡಿಸೆಂಬರ್ 31ರಂದೇ ಬರಬೇಕು, ತಳವೂ ಡಿಸೆಂಬರ್ 31ರಂದೇ ಸಿಗಬೇಕು ಎಂಬ ನಿಯಮ ಪೇಟೆಗಿಲ್ಲ.

ತಿಂಗಳ ಲೆಕ್ಕದ ಮೋಸ

ಅನೇಕ ವರದಿಗಳು ಪ್ರತಿದಿನದ ಬದಲು ತಿಂಗಳ ಕೊನೆಯ ಮೌಲ್ಯಗಳನ್ನು ಬಳಸುತ್ತವೆ. ಅಂಕಿಗಳು ಕಡಿಮೆ, ಕೆಲಸ ಹಗುರ. ಇದರ ಬೆಲೆ ಏನೆಂಬುದನ್ನು 2020ರ ಕುಸಿತ ತೋರಿಸುತ್ತದೆ. ತಿಂಗಳ ಕೊನೆಯ ಅಂಕಿಗಳಲ್ಲಿ ಶಿಖರ 2019ರ ಡಿಸೆಂಬರ್ 31ರ 41,254, ತಳ 2020ರ ಮಾರ್ಚ್ 31ರ 29,468. ಇಳಿಕೆ ಶೇ. 28.6. ಪ್ರತಿದಿನದ ಅಂಕಿಗಳಲ್ಲಿ ಅದೇ ಕುಸಿತ ಶೇ. 38.1. ಮಾರ್ಚ್ 23ರ ತಳಕ್ಕೂ ಮಾರ್ಚ್ 31ಕ್ಕೂ ನಡುವಿನ ಎಂಟು ದಿನಗಳಲ್ಲಿ ಪೇಟೆ ಚೇತರಿಸಿಕೊಂಡಿದ್ದರಿಂದ ಕುಸಿತದ ಕಾಲು ಭಾಗ ಲೆಕ್ಕದಿಂದಲೇ ಮಾಯವಾಯಿತು. ಹೂಡಿಕೆ ಒಂದೇ, ಬದಲಾದದ್ದು ಅಳತೆಗೋಲು ಮಾತ್ರ.

ಆದ್ದರಿಂದ ಎರಡು ಫಂಡ್‌ಗಳ ಗರಿಷ್ಠ ಕುಸಿತವನ್ನು ಹೋಲಿಸುವ ಮುನ್ನ ಎರಡೂ ಒಂದೇ ಬಗೆಯ ಅಂಕಿಗಳಿಂದ, ಒಂದೇ ಅವಧಿಗೆ ಲೆಕ್ಕ ಹಾಕಿದವೇ ಎಂದು ನೋಡಬೇಕು. 2021ರಲ್ಲಿ ಆರಂಭವಾದ ಫಂಡ್ ತನ್ನ ಗರಿಷ್ಠ ಕುಸಿತ ಕಡಿಮೆ ಎಂದು ಹೇಳಿಕೊಂಡರೆ, ಅದು 2008ನ್ನೂ 2020ರ ಮಾರ್ಚನ್ನೂ ಕಂಡಿಲ್ಲ ಎಂಬುದಷ್ಟೇ ಅದರ ಅರ್ಥ.

ಮಿಶ್ರ ಹೂಡಿಕೆಯ ಲೆಕ್ಕ

ಹೆಚ್ಚಿನ ಕುಟುಂಬಗಳ ಹಣ ಪೂರ್ತಿ ಷೇರುಗಳಲ್ಲಿರುವುದಿಲ್ಲ. ಆದ್ದರಿಂದ ಸೂಚ್ಯಂಕದ ಕುಸಿತಕ್ಕಿಂತ ಒಟ್ಟು ಹೂಡಿಕೆಯ ಕುಸಿತ ತಿಳಿಯುವುದು ಮುಖ್ಯ. ಒಂದು ಉದಾಹರಣೆ ನೋಡಬಹುದು. ಒಬ್ಬ ಹೂಡಿಕೆದಾರನ ಬಳಿ 2008ರ ಜನವರಿ 8ರಂದು ಹತ್ತು ಲಕ್ಷ ರೂಪಾಯಿ ಇತ್ತು ಎಂದಿಟ್ಟುಕೊಳ್ಳೋಣ. ಆರು ಲಕ್ಷ ಸೆನ್ಸೆಕ್ಸನ್ನು ಅನುಸರಿಸುವ ಫಂಡ್‌ನಲ್ಲಿ, ನಾಲ್ಕು ಲಕ್ಷ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ. ಠೇವಣಿಗೆ ವರ್ಷಕ್ಕೆ ಶೇ. 8ರ ಸರಳ ಬಡ್ಡಿ ಎಂದು ಭಾವಿಸಿ, ತೆರಿಗೆ ಮತ್ತು ಫಂಡ್‌ನ ಶುಲ್ಕಗಳನ್ನು ಸದ್ಯಕ್ಕೆ ಬದಿಗಿಡಲಾಗಿದೆ.

2008ರ ಅಕ್ಟೋಬರ್ 27ರಂದು ಫಂಡ್‌ನಲ್ಲಿನ ಆರು ಲಕ್ಷ 2.45 ಲಕ್ಷಕ್ಕೆ ಇಳಿದಿರುತ್ತದೆ. ಠೇವಣಿ ಬಡ್ಡಿ ಸೇರಿ 4.26 ಲಕ್ಷ ಆಗಿರುತ್ತದೆ. ಒಟ್ಟು 6.70 ಲಕ್ಷ, ಕುಸಿತ ಶೇ. 33. ಸೂಚ್ಯಂಕ ಇನ್ನೂ ಕೆಳಗಿಳಿದ 2009ರ ಮಾರ್ಚ್ 9ರಂದು ಫಂಡ್ 2.35 ಲಕ್ಷ, ಠೇವಣಿ 4.37 ಲಕ್ಷ, ಒಟ್ಟು 6.72 ಲಕ್ಷ. ಸೂಚ್ಯಂಕದ ತಳ ಮಾರ್ಚ್‌ನಲ್ಲಿದ್ದರೂ ಈ ಹೂಡಿಕೆಯ ತಳ ಅಕ್ಟೋಬರ್‌ನಲ್ಲೇ ಬಂದುಹೋಗಿತ್ತು, ಏಕೆಂದರೆ ನಡುವಿನ ತಿಂಗಳುಗಳ ಬಡ್ಡಿ ಷೇರಿನ ಉಳಿದ ಇಳಿಕೆಯನ್ನು ತುಂಬಿಕೊಟ್ಟಿತು. ಷೇರಿನ ಕುಸಿತವನ್ನು ಷೇರಿನ ಪಾಲಿನಿಂದ ಗುಣಿಸಿ ಶೇ. 36.5 ಎಂದು ಹೇಳಿಬಿಡುವುದು ಅಂದಾಜಿಗೆ ಸರಿ, ನಿಖರ ಲೆಕ್ಕಕ್ಕೆ ಸಾಲದು. ಎಲ್ಲ ಹೂಡಿಕೆಗಳ ಮೌಲ್ಯವನ್ನು ಪ್ರತಿದಿನ ಕೂಡಿಸಿ, ಆ ಒಟ್ಟು ಮೊತ್ತದ ಮೇಲೆ ಕುಸಿತ ಅಳೆಯಬೇಕು. ಬಿಡಿ ಬಿಡಿ ಹೂಡಿಕೆಗಳ ಗರಿಷ್ಠ ಕುಸಿತಗಳನ್ನು ಸರಾಸರಿ ಮಾಡುವುದು ತಪ್ಪು, ಏಕೆಂದರೆ ಅವೆಲ್ಲ ಒಂದೇ ದಿನ ತಳ ಮುಟ್ಟುವುದಿಲ್ಲ.

ಇದೇ 60:40 ಪಾಲಿನ ಹೂಡಿಕೆ 2020ರ ಜನವರಿ 14ರಂದು ಇದ್ದಿದ್ದರೆ, ಠೇವಣಿಗೆ ಶೇ. 6ರ ಬಡ್ಡಿ ಎಂದುಕೊಂಡರೂ, ಮಾರ್ಚ್ 23ರಂದು ಹತ್ತು ಲಕ್ಷ 7.76 ಲಕ್ಷವಾಗುತ್ತಿತ್ತು. ಕುಸಿತ ಶೇ. 22.4. ಒಂದೇ ಪಾಲುಗಾರಿಕೆಗೆ ಎರಡು ಕುಸಿತಗಳು ಎರಡು ಉತ್ತರ ಕೊಡುತ್ತವೆ. 2020ನ್ನು ಮಾತ್ರ ನೆನಪಿಟ್ಟುಕೊಂಡವರು ತಮ್ಮ ತಾಳಿಕೆಯನ್ನು ಹೆಚ್ಚಾಗಿಯೇ ಅಂದಾಜು ಮಾಡಿರುತ್ತಾರೆ.

ಇನ್ನೊಂದು ಪ್ರಶ್ನೆ ಇಲ್ಲಿ ಏಳುತ್ತದೆ. ಷೇರಿನ ಪಾಲು ಕುಗ್ಗಿದಾಗ ಠೇವಣಿಯಿಂದ ಹಣ ತೆಗೆದು ಮತ್ತೆ 60:40ಕ್ಕೆ ತರುವ ಪದ್ಧತಿ ಕೆಲವರಿಗಿದೆ. ಅಕ್ಟೋಬರ್ 27ರಂದು ಹಾಗೆ ಮಾಡಿದ್ದರೆ ಫಂಡ್‌ನಲ್ಲಿ 4.02 ಲಕ್ಷ, ಠೇವಣಿಯಲ್ಲಿ 2.68 ಲಕ್ಷ ಇರುತ್ತಿತ್ತು. ಪೇಟೆ ಇನ್ನೂ ಇಳಿದ ಕಾರಣ ಮಾರ್ಚ್ 9ರಂದು ಒಟ್ಟು ಮೊತ್ತ 6.62 ಲಕ್ಷಕ್ಕೆ ಬಂದು ಗರಿಷ್ಠ ಕುಸಿತ ಶೇ. 33.8 ಆಗುತ್ತಿತ್ತು. ಸಮತೋಲನ ಮಾಡಿದವನ ಅಂಕಿ ಮಾಡದವನ ಅಂಕಿಗಿಂತ ಕೆಟ್ಟದ್ದು.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಲೋಕಸಭಾ ಚುನಾವಣೆಯ ಫಲಿತಾಂಶದ ನಂತರದ ಮೊದಲ ವಹಿವಾಟಿನ ದಿನವಾದ 2009ರ ಮೇ 18ರಂದು ಸೆನ್ಸೆಕ್ಸ್ ಶೇ. 17ರಷ್ಟು ಜಿಗಿದು, ವಹಿವಾಟನ್ನೇ ನಿಲ್ಲಿಸಬೇಕಾಗಿ ಬಂದು, 14,284ರಲ್ಲಿ ನಿಂತಿತು. ಅಂದು ಸಮತೋಲನ ಮಾಡಿದವನ ಬಳಿ 9.55 ಲಕ್ಷ, ಸುಮ್ಮನಿದ್ದವನ ಬಳಿ 8.54 ಲಕ್ಷ ಇರುತ್ತಿತ್ತು. ಗರಿಷ್ಠ ಕುಸಿತ ಹೂಡಿಕೆಯ ನೋವನ್ನು ಅಳೆಯುತ್ತದೆ, ಅದರ ಮುಂದಿನ ದಾರಿಯನ್ನಲ್ಲ ಎಂಬುದಕ್ಕೆ ಇದೇ ನಿದರ್ಶನ. ತಳದ ದಿನಗಳಲ್ಲಿ ಎಲ್ಲವನ್ನೂ ಮಾರಿ ಹೊರಬಂದವರಿಗೆ ಈ ಎರಡೂ ಮೊತ್ತಗಳು ದಕ್ಕಲಿಲ್ಲ.

ಕುಸಿತ ಎಷ್ಟು ಕಾಲ?

ಶೇ. 60.9 ಕಳೆದುಕೊಂಡ ಹೂಡಿಕೆ ಹಳೆಯ ಮಟ್ಟಕ್ಕೆ ಮರಳಲು ಶೇ. 60.9ರ ಏರಿಕೆ ಸಾಲದು, ಶೇ. 155.8ರ ಏರಿಕೆ ಬೇಕು. ಏಕೆಂದರೆ ಏರಿಕೆಯನ್ನು ಉಳಿದ ಚಿಕ್ಕ ಮೊತ್ತದ ಮೇಲೆ ಲೆಕ್ಕ ಹಾಕಲಾಗುತ್ತದೆ. ಶೇ. 38ರ ಕುಸಿತಕ್ಕೆ ಶೇ. 61.3ರ ಏರಿಕೆ, ಶೇ. 33ರ ಕುಸಿತಕ್ಕೆ ಶೇ. 49ರ ಏರಿಕೆ ಬೇಕಾಗುತ್ತದೆ. ಆಳ ಹೆಚ್ಚಿದಂತೆ ಮೇಲೇರುವ ದಾರಿ ಅದಕ್ಕಿಂತ ವೇಗವಾಗಿ ಉದ್ದವಾಗುತ್ತದೆ.

ಆದ್ದರಿಂದ ಆಳದ ಜೊತೆ ಅವಧಿಯನ್ನೂ ಬರೆದಿಡಬೇಕು. ಶಿಖರದಿಂದ ತಳಕ್ಕೆ ಎಷ್ಟು ದಿನ, ತಳದಿಂದ ಹಳೆಯ ಶಿಖರಕ್ಕೆ ಎಷ್ಟು ದಿನ ಎಂಬ ಎರಡು ಅಂಕಿಗಳು. ಸೆನ್ಸೆಕ್ಸ್ 2008ರ ಜನವರಿಯ ಮಟ್ಟವನ್ನು ಮುಕ್ತಾಯದ ಲೆಕ್ಕದಲ್ಲಿ ದಾಟಿದ್ದು 2010ರ ನವೆಂಬರ್ 4ರಂದು, 20,894 ಅಂಶಗಳೊಂದಿಗೆ. ಎರಡು ವರ್ಷ ಹತ್ತು ತಿಂಗಳು. ಆ ನಡುವೆ ಬೇಳೆಯ ಬೆಲೆ, ಶಾಲೆಯ ಶುಲ್ಕ, ಮನೆ ಬಾಡಿಗೆ ಎಲ್ಲವೂ ಏರಿದ್ದವು. ಸಂಖ್ಯೆ ಮರಳಿತು, ಅದರ ಕೊಳ್ಳುವ ಶಕ್ತಿ ಮರಳಿರಲಿಲ್ಲ. 2020ರ ಕುಸಿತದಲ್ಲಾದರೋ ನವೆಂಬರ್ 9ರಂದೇ ಸೂಚ್ಯಂಕ 42,597ಕ್ಕೇರಿ ಹಳೆಯ ಶಿಖರ ದಾಟಿತು. ಹತ್ತು ತಿಂಗಳೂ ಆಗಲಿಲ್ಲ. ನಿವೃತ್ತಿ ಹಣದಿಂದ ತಿಂಗಳ ಖರ್ಚು ನಡೆಸುವವರಿಗೆ ಈ ಎರಡರ ನಡುವಿನ ವ್ಯತ್ಯಾಸ ಆಳದ ವ್ಯತ್ಯಾಸಕ್ಕಿಂತ ದೊಡ್ಡದು. ಹತ್ತು ತಿಂಗಳ ಖರ್ಚನ್ನು ಉಳಿತಾಯ ಖಾತೆಯಿಂದ ತೂಗಿಸಬಹುದು. ಮೂವತ್ತನಾಲ್ಕು ತಿಂಗಳ ಖರ್ಚಿಗೆ ಷೇರು ಮಾರದೆ ಬೇರೆ ದಾರಿ ಇಲ್ಲದಿರಬಹುದು.

ಕಂತು ಕಟ್ಟುವವರ ತಪ್ಪು

ತಿಂಗಳ ಕಂತು ಅಥವಾ ಸಿಪ್ ಮೂಲಕ ಹೂಡುವವರು ಸಾಮಾನ್ಯವಾಗಿ ಖಾತೆಯ ಒಟ್ಟು ಮೊತ್ತವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇದು ಅತಿ ಹೆಚ್ಚು ಕಂಡುಬರುವ ತಪ್ಪು. ಖಾತೆಯಲ್ಲಿ ಐದು ಲಕ್ಷ ಇದ್ದು, ಪೇಟೆ ಶೇ. 20 ಇಳಿದಾಗ ನಾಲ್ಕು ಲಕ್ಷವಾಯಿತು ಎಂದುಕೊಳ್ಳೋಣ. ಆ ದಿನವೇ ಒಂದು ಲಕ್ಷ ಹೊಸದಾಗಿ ಹಾಕಿದರೆ ಖಾತೆ ಮತ್ತೆ ಐದು ಲಕ್ಷ ತೋರಿಸುತ್ತದೆ. ಸ್ಪ್ರೆಡ್‌ಶೀಟಿಗೆ ಕುಸಿತ ಮುಗಿದುಹೋದಂತೆ ಕಾಣುತ್ತದೆ. ಹೂಡಿಕೆ ಚೇತರಿಸಿಕೊಂಡಿಲ್ಲ, ಸಂಬಳದ ಹಣ ಹಳ್ಳವನ್ನು ಮುಚ್ಚಿದೆ. ಇದಕ್ಕೆ ವಿರುದ್ಧವಾಗಿ, ಮನೆ ಕಟ್ಟಲು ಒಂದು ಲಕ್ಷ ತೆಗೆದರೆ ಪೇಟೆ ಏರುತ್ತಿದ್ದರೂ ಕುಸಿತ ಕಾಣುತ್ತದೆ.

ಪರಿಹಾರ ಮ್ಯೂಚುವಲ್ ಫಂಡ್‌ಗಳು ಅನುಸರಿಸುವ ಯೂನಿಟ್ ಪದ್ಧತಿಯಲ್ಲಿದೆ. ಆರಂಭದ ಐದು ಲಕ್ಷವನ್ನು ತಲಾ 100 ರೂಪಾಯಿಯ 5,000 ಯೂನಿಟ್‌ಗಳೆಂದು ಭಾವಿಸಬೇಕು. ಪೇಟೆ ಇಳಿದಾಗ ಯೂನಿಟ್ ಬೆಲೆ 80 ರೂಪಾಯಿ. ಹೊಸ ಒಂದು ಲಕ್ಷಕ್ಕೆ ಆ ಬೆಲೆಯಲ್ಲಿ 1,250 ಯೂನಿಟ್ ಸೇರುತ್ತವೆ. ಒಟ್ಟು 6,250 ಯೂನಿಟ್, ಮೊತ್ತ ಐದು ಲಕ್ಷ. ಆದರೆ ಯೂನಿಟ್ ಬೆಲೆ 80ರಲ್ಲೇ ಇದೆ, ಕುಸಿತ ಶೇ. 20ರಲ್ಲೇ ಇದೆ. ಗರಿಷ್ಠ ಕುಸಿತವನ್ನು ಈ ಯೂನಿಟ್ ಬೆಲೆಯ ಮೇಲೆ ಅಳೆಯಬೇಕೇ ಹೊರತು ಖಾತೆಯ ಮೊತ್ತದ ಮೇಲಲ್ಲ. ಹಣ ತೆಗೆದಾಗ ಅದೇ ದಿನದ ಬೆಲೆಯಲ್ಲಿ ಯೂನಿಟ್‌ಗಳನ್ನು ಕಳೆಯಬೇಕು.

ಅಂಕಿಗಳಲ್ಲಿ ಅಡಗಿರುವ ದೋಷ

ಬಿಡಿ ಷೇರುಗಳ ಹಳೆಯ ಬೆಲೆ ಬಳಸುವಾಗ ಬೋನಸ್ ಮತ್ತು ಮುಖಬೆಲೆ ವಿಭಜನೆಗೆ ಹೊಂದಿಸಿದ ಬೆಲೆಗಳನ್ನೇ ಆಯ್ದುಕೊಳ್ಳಬೇಕು. ಬೆಂಗಳೂರಿನ ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೆ ಒಂದರಂತೆ ಬೋನಸ್ ಷೇರು ನೀಡಿದಾಗ ಷೇರಿನ ಬೆಲೆ ಒಂದೇ ದಿನದಲ್ಲಿ ಹೆಚ್ಚುಕಡಿಮೆ ಅರ್ಧವಾಯಿತು. ಷೇರುಗಳ ಸಂಖ್ಯೆ ಇಮ್ಮಡಿಯಾದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. ಆದರೆ ಹೊಂದಿಸದ ಬೆಲೆಗಳನ್ನು ಬಳಸಿದ ಲೆಕ್ಕದಲ್ಲಿ ಅದು ಶೇ. 50ರ ಕುಸಿತವಾಗಿ ಉಳಿದುಬಿಡುತ್ತದೆ. ಒಂದೇ ದಿನ ಸರಿಸುಮಾರು ಅರ್ಧ, ಮೂರನೇ ಒಂದು, ಐದನೇ ಒಂದು ಎಂಬಂತೆ ಬೆಲೆ ಜಾರಿದ್ದರೆ, ಆ ದಿನ ಪೇಟೆಯಲ್ಲಿ ಸುದ್ದಿಯೇನೂ ಇಲ್ಲದಿದ್ದರೆ, ಮೊದಲು ಬೋನಸ್ ಅಥವಾ ವಿಭಜನೆಯನ್ನು ಶಂಕಿಸಬೇಕು. ಫಂಡ್‌ಗಳಲ್ಲಿ ಲಾಭಾಂಶ ಹಂಚುವ ಆಯ್ಕೆಯ ಎನ್‌ಎವಿ ಕೂಡ ಹೀಗೆಯೇ ಹಂಚಿಕೆಯ ದಿನ ಇಳಿಯುತ್ತದೆ. ಲೆಕ್ಕಕ್ಕೆ ಬೆಳವಣಿಗೆ ಆಯ್ಕೆಯ ಎನ್‌ಎವಿ ತೆಗೆದುಕೊಳ್ಳುವುದು ಸರಿ.

ಇದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದಿದೆ. ಇಂದು ಕೈಯಲ್ಲಿರುವ ಹತ್ತು ಕಂಪನಿಗಳ ಷೇರುಗಳನ್ನು 2008ಕ್ಕೆ ಕೊಂಡೊಯ್ದು ಪರೀಕ್ಷಿಸಿದರೆ ಫಲಿತಾಂಶ ಬಹುತೇಕ ಯಾವಾಗಲೂ ಹಿತವಾಗಿಯೇ ಬರುತ್ತದೆ. ಕಾರಣ, ಅವು ಉಳಿದು ಬೆಳೆದ ಕಂಪನಿಗಳು. ಅಂದು ಅದೇ ಹೂಡಿಕೆದಾರ ಕೊಳ್ಳಬಹುದಾಗಿದ್ದ, ಆದರೆ ಆನಂತರ ಮುಳುಗಿದ ಕಂಪನಿಗಳು ಪಟ್ಟಿಯಲ್ಲೇ ಇಲ್ಲ. 2008ರಲ್ಲಿ ಸೆನ್ಸೆಕ್ಸ್‌ನ ಮೂವತ್ತು ಕಂಪನಿಗಳಲ್ಲಿ ಸತ್ಯಂ ಕಂಪ್ಯೂಟರ್ಸ್ ಇತ್ತು, ರಿಲಯನ್ಸ್ ಕಮ್ಯುನಿಕೇಷನ್ಸ್ ಇತ್ತು. ಲೆಕ್ಕಪತ್ರಗಳ ವಂಚನೆ ಬಯಲಾದ 2009ರ ಜನವರಿ 7ರಂದು ಸತ್ಯಂ ಷೇರು ಒಂದೇ ದಿನ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಮೌಲ್ಯ ಕಳೆದುಕೊಂಡಿತು. ರಿಲಯನ್ಸ್ ಕಮ್ಯುನಿಕೇಷನ್ಸ್ 2019ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಸೂಚ್ಯಂಕ ಇಂಥವನ್ನು ಕೈಬಿಟ್ಟು ಮುಂದೆ ಸಾಗುತ್ತದೆ. ಬಿಡಿ ಷೇರು ಹಿಡಿದವನಿಗೆ ಆ ಅನುಕೂಲವಿಲ್ಲ.

ಈ ಕಾರಣದಿಂದ, ಬಿಡಿ ಷೇರುಗಳ ಹೂಡಿಕೆಯನ್ನು ಪರೀಕ್ಷಿಸುವಾಗ ಆ ಷೇರುಗಳ ಬದಲು ಅವು ಸೇರಿದ ವರ್ಗದ ಸೂಚ್ಯಂಕವನ್ನು ಬಳಸುವುದು ಹೆಚ್ಚು ಪ್ರಾಮಾಣಿಕ. 2008ರಲ್ಲಿ ಇನ್ನೂ ಪೇಟೆಗೆ ಬಾರದಿದ್ದ ಕಂಪನಿಗಳಿಗೂ ಇದೇ ಮಾರ್ಗ. ಸಣ್ಣ ಕಂಪನಿಗಳ ಷೇರುಗಳನ್ನು ಹೆಚ್ಚಾಗಿ ಹೊಂದಿರುವವರು ಸೆನ್ಸೆಕ್ಸ್‌ನ ಶೇ. 60.9ನ್ನು ತಮ್ಮದೆಂದು ಭಾವಿಸಬಾರದು. ಅದೇ ಅವಧಿಯಲ್ಲಿ ಮುಂಬೈ ಷೇರುಪೇಟೆಯ ಸ್ಮಾಲ್‌ಕ್ಯಾಪ್ ಸೂಚ್ಯಂಕ ನಾಲ್ಕರಲ್ಲಿ ಮೂರು ಪಾಲಿಗಿಂತಲೂ ಹೆಚ್ಚು ಕರಗಿತ್ತು.

ದಿನನಿತ್ಯ ಬೆಲೆ ಇಲ್ಲದ ಆಸ್ತಿಗಳ ವಿಷಯದಲ್ಲಿ ಈ ಅಳತೆ ಸುಳ್ಳು ನೆಮ್ಮದಿ ಕೊಡುತ್ತದೆ. ನಗರದ ಹೊರವಲಯದ ನಿವೇಶನದ ಬೆಲೆ ಯಾವ ಫಲಕದಲ್ಲಿಯೂ ಪ್ರತಿದಿನ ಮೂಡುವುದಿಲ್ಲ. ಆದ್ದರಿಂದ ಅದರ ಗರಿಷ್ಠ ಕುಸಿತ ಸೊನ್ನೆ ಎಂದು ತೋರುತ್ತದೆ. ಅದು ಕುಸಿಯದಿದ್ದುದರ ಸಾಕ್ಷಿಯಲ್ಲ, ಅಳೆಯದಿದ್ದುದರ ಫಲ. ಸಾಲಪತ್ರಗಳ ಫಂಡ್‌ಗಳ ಎನ್‌ಎವಿ ಸಹ ವರ್ಷಗಟ್ಟಲೆ ನೇರ ಗೆರೆಯಂತೆ ಏರಬಹುದು. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿದಾಗ ಹೂಡಿಕೆದಾರರನ್ನು ಕಾಡಿದ್ದು ಎನ್‌ಎವಿಯ ಇಳಿಕೆಗಿಂತ ಹಣವನ್ನೇ ಹಿಂಪಡೆಯಲಾಗದ ಸ್ಥಿತಿ. ಅದನ್ನು ಗರಿಷ್ಠ ಕುಸಿತದ ಸಂಖ್ಯೆ ಹಿಡಿಯಲಾರದು.

ಹಿಂದಿನದು ಮಿತಿಯಲ್ಲ

ಸೆನ್ಸೆಕ್ಸ್ 2000ದ ಫೆಬ್ರವರಿ 11ರಂದು 5,934ರಲ್ಲಿ ಮುಕ್ತಾಯಗೊಂಡು, ತಂತ್ರಜ್ಞಾನ ಷೇರುಗಳ ಗುಳ್ಳೆ ಒಡೆದ ನಂತರ 2001ರ ಸೆಪ್ಟೆಂಬರ್ 21ರಂದು 2,600ಕ್ಕೆ ಇಳಿದಿತ್ತು. ಕುಸಿತ ಶೇ. 56.2. ಅದಕ್ಕೂ ಮುಂಚೆ, ಹರ್ಷದ್ ಮೆಹ್ತಾ ಹಗರಣದ 1992ರ ಏಪ್ರಿಲ್‌ನ ಶಿಖರದಿಂದ ಆದ ಕುಸಿತದಲ್ಲೂ ಸೂಚ್ಯಂಕ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿತ್ತು. 2007ರಲ್ಲಿ ಕುಳಿತು ಈ ಎರಡನ್ನೂ ಶ್ರದ್ಧೆಯಿಂದ ಅಳೆದವರು, ಅತಿ ಕೆಟ್ಟದ್ದೆಂದರೆ ಶೇ. 56 ಎಂದು ತೀರ್ಮಾನಿಸಬಹುದಿತ್ತು. ಮರುವರ್ಷ ಆರಂಭವಾದ ಕುಸಿತ ಅದನ್ನು ಮೀರಿ ಶೇ. 60.9ಕ್ಕೆ ಹೋಯಿತು. ಗರಿಷ್ಠ ಕುಸಿತ ಒಂದೇ ಒಂದು ಘಟನೆಯಿಂದ ಹುಟ್ಟುವ ಸಂಖ್ಯೆ. ಅವಧಿ ಉದ್ದವಾದಂತೆ ಅದು ಹೆಚ್ಚಬಲ್ಲದು, ಕಡಿಮೆಯಾಗಲಾರದು. ಅದನ್ನು ಕನಿಷ್ಠ ಎಚ್ಚರಿಕೆಯೆಂದು ಓದಬೇಕು, ಖಾತರಿಯ ಮಿತಿಯೆಂದಲ್ಲ.

ಸೂಚ್ಯಂಕದ ಈ ಅಂಕಿಗಳೆಲ್ಲ ಲಾಭಾಂಶವನ್ನು ಹೊರಗಿಟ್ಟವು ಎಂಬುದನ್ನೂ ಗಮನಿಸಬೇಕು. ಕಂಪನಿಗಳು ನೀಡುವ ಲಾಭಾಂಶವನ್ನು ಮರುಹೂಡಿಕೆ ಮಾಡಿದಂತೆ ಲೆಕ್ಕ ಹಾಕುವ ಒಟ್ಟು ಪ್ರತಿಫಲ ಸೂಚ್ಯಂಕದಲ್ಲಿ ಕುಸಿತ ತುಸು ಕಡಿಮೆ, ಚೇತರಿಕೆ ತುಸು ಬೇಗ ಕಾಣುತ್ತದೆ. ಫಂಡ್‌ಗಳು ತಮ್ಮ ಸಾಧನೆಯನ್ನು ಈ ಬಗೆಯ ಸೂಚ್ಯಂಕದೊಂದಿಗೇ ಹೋಲಿಸಬೇಕೆಂಬ ಸೆಬಿಯ ನಿಯಮ 2018ರ ಫೆಬ್ರವರಿಯಿಂದ ಜಾರಿಗೆ ಬಂದಿತು. ಫಂಡ್ ಮತ್ತು ಸೂಚ್ಯಂಕದ ಕುಸಿತಗಳನ್ನು ಹೋಲಿಸುವವರೂ ಅದನ್ನೇ ಪಾಲಿಸುವುದು ನ್ಯಾಯ.

ಸಂಖ್ಯೆಯ ಬಳಕೆ

ದೊರೆತ ಉತ್ತರವನ್ನು ಶೇಕಡಾದಲ್ಲಿ ಬಿಡದೆ ರೂಪಾಯಿಗೆ ತರಬೇಕು. ಶೇ. 33 ಎಂಬುದು ಓದಲು ಸಹ್ಯವೆನಿಸಬಹುದು. ನಿವೃತ್ತಿಯಾದಾಗ ಬಂದ ನಲವತ್ತು ಲಕ್ಷದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಹತ್ತು ತಿಂಗಳಲ್ಲಿ ಕಾಣೆಯಾಗುತ್ತದೆ, ಮರಳುವ ದಿನಾಂಕವನ್ನು ಯಾರೂ ಹೇಳಲಾರರು ಎಂದರೆ ಅದೇ ಸಂಖ್ಯೆಯ ಭಾರ ಬೇರೆ.

ಆನಂತರ ಲೆಕ್ಕವನ್ನು ತಿರುಗಿಸಿ ಹಾಕಬಹುದು. ಹತ್ತು ಲಕ್ಷದಲ್ಲಿ ಎರಡು ಲಕ್ಷದ ಇಳಿಕೆಯನ್ನು ಮಾತ್ರ ತಾಳಬಲ್ಲೆ ಎನ್ನುವವರು, ಷೇರುಗಳು 2008ರಂತೆ ಶೇ. 61 ಕುಸಿಯಬಹುದೆಂದು ಇಟ್ಟುಕೊಂಡರೆ, ತಾಳಿಕೆಯ 20ನ್ನು 61ರಿಂದ ಭಾಗಿಸಬೇಕು. ಉತ್ತರ ಸುಮಾರು ಮೂರನೇ ಒಂದು ಪಾಲು. ಷೇರಿನಲ್ಲಿ 3.3 ಲಕ್ಷ, ಠೇವಣಿಯಲ್ಲಿ 6.7 ಲಕ್ಷ ಇಟ್ಟರೆ, ಬಡ್ಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಅಂಥ ಕುಸಿತದ ತಳದಲ್ಲಿ ಎಂಟು ಲಕ್ಷದಷ್ಟು ಉಳಿಯುತ್ತದೆ. ಬಡ್ಡಿಯನ್ನು ಹೊರಗಿಟ್ಟದ್ದು ಉದ್ದೇಶಪೂರ್ವಕ. ಮುಂದಿನ ಕುಸಿತ 2008ರದ್ದಕ್ಕಿಂತ ಆಳವಾದರೆ ಆ ಉಳಿಕೆಯೇ ಅಂಚು.

ಈ ಪಾಲನ್ನು ನಿರ್ಧರಿಸಬೇಕಾದ್ದು ಸೂಚ್ಯಂಕ ದಾಖಲೆಯ ಎತ್ತರದಲ್ಲಿ ಇರುವಾಗ. ಮಾರ್ಚ್ 23ರಂಥ ದಿನ ಕುಳಿತು ಲೆಕ್ಕ ಹಾಕುವವನ ಮುಂದೆ ಉಳಿಯುವುದು ಮಾರುವ ಅಥವಾ ಮಾರದಿರುವ ಆಯ್ಕೆ ಮಾತ್ರ. 2009ರ ಮಾರ್ಚ್ 9ರಂದು 8,160ರಲ್ಲಿದ್ದ ಸೆನ್ಸೆಕ್ಸ್ ಮೇ 18ರ ಹೊತ್ತಿಗೆ ಶೇ. 75ರಷ್ಟು ಏರಿತ್ತು. ತಮ್ಮ ತಾಳಿಕೆಗೆ ಮೀರಿ ಷೇರು ಹೊಂದಿದ್ದು ತಳದಲ್ಲಿ ಹೊರಬಿದ್ದವರಿಗೆ ಕುಸಿತ ತಾತ್ಕಾಲಿಕವಾಗಿ ಉಳಿಯಲಿಲ್ಲ, ಶಾಶ್ವತ ನಷ್ಟವಾಯಿತು.